ಚೌಕಟ್ಟು ಮುಚ್ಚಿದ ಸಾಲು

ಅವಧಿ ಮುಗಿದ ಪೇಟೆಂಟುಗಳನ್ನು ಹುಡುಕಿ, ಅವುಗಳಿಂದ ಸಾಮಾನು ಮಾಡಿ ಮಾರಿ ಬದುಕಿದವನು ನಾನು. ಇದನ್ನು ಹೇಳಿದರೆ ಜನ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. ನೋಡಲಿ. ಹೊಸದೊಂದನ್ನು ಕಂಡುಹಿಡಿದವನಿಗೆ ಸರ್ಕಾರ ಇಂತಿಷ್ಟು ವರ್ಷ ನೀನೊಬ್ಬನೇ ಮಾಡಿಕೋ ಎಂದು ಹಕ್ಕು ಕೊಡುತ್ತದೆ. ಅದಕ್ಕೆ ಬದಲಾಗಿ ಅವನು ತನ್ನ ಗುಟ್ಟನ್ನೆಲ್ಲ ಬರೆದು, ಚಿತ್ರ ಬಿಡಿಸಿ ಲೋಕದ ಮುಂದೆ ಇಡಬೇಕು. ಅವಧಿ ಮುಗಿದ ಮೇಲೆ ಅದು ಯಾರಪ್ಪನ ಆಸ್ತಿಯೂ ಅಲ್ಲ. ಇದರಲ್ಲಿ ಕಳವು ಎಲ್ಲಿ ಬಂತು? ನಾನು ಮಾಡಿದ ಕೆಟ್ಟ ಕೆಲಸ ಬೇರೆ. ಅದರಲ್ಲಿಯೂ ಕಾನೂನು ಹಿಡಿಯುವಂಥ ತಪ್ಪಿರಲಿಲ್ಲ, ಕೊನೆಯದೊಂದನ್ನು ಬಿಟ್ಟರೆ.

ನನಗೆ ವೆಲ್ಡಿಂಗ್ ಕಲಿಸಿದವರು ಬ್ಯಾಡಗಿಯ ಒಬ್ಬ ಮೇಸ್ತ್ರಿ. ಅವರನ್ನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ವಯಸ್ಸಿಗೆ ಕೊಟ್ಟ ಮರ್ಯಾದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಕನ್ನಡ ಪೇಪರು ಓದುತ್ತಿದ್ದರು, ಇಂಗ್ಲಿಷ್ ಕಾಗದ ಕಂಡರೆ ದೂರದಿಂದಲೇ ಕೈ ಮುಗಿಯುತ್ತಿದ್ದರು. ನಾನು ಅಗಡಿಯಿಂದ ಬಂದ ಡಿಪ್ಲೊಮಾ ಪಾಸಾದವನು, ಕೆಲಸ ಸಿಗದೆ ಅವರ ಶೆಡ್ಡಿಗೆ ಸೇರಿದ್ದೆ. ಆರು ವರ್ಷ ಅವರ ಮನೆಯ ರೊಟ್ಟಿ ತಿಂದೆ.

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುವುದು ಕಾಲಿನಿಂದ ತುಳಿದು. ಕಾಯಿ ಮೆತ್ತಗಾಗಲಿ ಎಂದು ನೀರು ಚಿಮುಕಿಸುತ್ತಾರೆ, ಆದರೂ ತುಳಿತಕ್ಕೆ ಕಾಯಿ ಒಡೆಯುತ್ತದೆ, ಬೀಜ ಉದುರುತ್ತದೆ. ಒಡೆದ ಕಾಯಿಗೆ ಪೇಟೆಯಲ್ಲಿ ಬೆಲೆ ಇಲ್ಲ. ಸಾದಾ ಪ್ರೆಸ್ಸಿನಲ್ಲಿ ಒತ್ತಿದರೆ ಇನ್ನೂ ಹೆಚ್ಚು ಒಡೆಯುತ್ತದೆ, ಯಾಕೆಂದರೆ ಚಪ್ಪಟೆ ತಟ್ಟೆ ಎಲ್ಲ ಕಾಯಿಯನ್ನೂ ಒಂದೇ ಸಲಕ್ಕೆ ಕೆಳಗೆ ಒತ್ತುತ್ತದೆ. ಕಾಕಾ ಒಂದು ಹೊಸ ತಟ್ಟೆ ಮಾಡಿದರು. ನಡುವೆ ಒಂದು ಗುಂಡು ಬಿಲ್ಲೆ, ಸುತ್ತಲೂ ಕೀಲಿನಿಂದ ಜೋತುಬಿದ್ದ ಆರು ತುಂಡು. ಮೊದಲು ಬಿಲ್ಲೆ ಇಳಿದು ಕಾಯಿಯನ್ನು ಚೀಲದ ಅಂಚಿಗೆ ಸರಿಸುತ್ತದೆ, ಆಮೇಲೆ ತುಂಡುಗಳು ಒಂದೊಂದಾಗಿ ಬಿಚ್ಚಿಕೊಂಡು ಅಂಚನ್ನು ಒತ್ತುತ್ತವೆ. ಕಾಯಿ ಸರಿಯುತ್ತದೆ, ಒಡೆಯುವುದಿಲ್ಲ. ಮೊದಲ ದಿನ ಚೀಲ ಬಿಚ್ಚಿ ಒಂದು ಕಾಯಿಯನ್ನು ಬೆಳಕಿಗೆ ಹಿಡಿದು ಕಾಕಾ ಮಗುವಿನ ಹಾಗೆ ನಕ್ಕಿದ್ದು ನನಗೆ ಇವತ್ತಿಗೂ ನೆನಪಿದೆ.

ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರರೊಬ್ಬರು ಅದನ್ನು ನೋಡಿ, ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಿ ಎಂದು ಬೆನ್ನು ಹತ್ತಿದರು. ಚೆನ್ನೈನ ಏಜೆಂಟರೊಬ್ಬರನ್ನು ಅವರೇ ಗೊತ್ತುಮಾಡಿಕೊಟ್ಟರು. ಚಿತ್ರಗಳನ್ನೆಲ್ಲ ಬಿಡಿಸಿದವನು ನಾನು. ಎಷ್ಟು ಸಲ ಬಿಡಿಸಿದೆನೋ, ಬೆರಳಿಗೆ ಇಂಡಿಯನ್ ಇಂಕಿನ ಕಲೆ ಕೂತುಬಿಟ್ಟಿತ್ತು. ವರ್ಷಗಳು ಕಳೆದ ಮೇಲೆ ಸರ್ಟಿಫಿಕೇಟು ಬಂತು. ಕಾಕಾ ಅದಕ್ಕೆ ಹಾರ ಹಾಕಿ, ಓಣಿಗೆಲ್ಲ ಪೇಢೆ ಹಂಚಿ, ಪ್ರೊಫೆಸರರಿಗೆ ಶಾಲು ಹೊದಿಸಿದರು. ಭಾಷಣದ ಹಾಗೆ ನಾಲ್ಕು ಮಾತು ಕೂಡ ಆಡಿದರು. ಅದರಲ್ಲಿ ಅವರ ಅಪ್ಪ ಬಂದರು, ಮನೆದೇವರು ಬಂದರು, ಕಬ್ಬಿಣ ಉದ್ರಿ ಕೊಟ್ಟ ಅಂಗಡಿಯವರೂ ಬಂದರು. ನಾನು ಬರಲಿಲ್ಲ. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಮರೆತಿದ್ದರು ಅಷ್ಟೇ. ಚಿತ್ರ ಬಿಡಿಸಿದವನು ನಾನೇ ಹೊರತು ತಟ್ಟೆಯನ್ನು ಕಂಡವನು ನಾನಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಇಷ್ಟು ಸಣ್ಣ ಕಾರಣಕ್ಕೆ ಒಬ್ಬ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂದು ಬೇರೆಯವರನ್ನು ನೋಡಿ ತಿಳಿಯಬೇಕಾಗಿಲ್ಲ ನನಗೆ.

ಆ ಸರ್ಟಿಫಿಕೇಟಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಈ ಹಕ್ಕು ಮುಂದುವರಿಯಬೇಕಾದರೆ ಪ್ರತಿ ವರ್ಷ ಇಂಥ ದಿನದೊಳಗೆ ಶುಲ್ಕ ಕಟ್ಟಬೇಕು ಎಂಬ ಅರ್ಥದ ಇಂಗ್ಲಿಷ್ ಸಾಲು. ಅಲ್ಲಿಯವರೆಗಿನ ಶುಲ್ಕವನ್ನು ಏಜೆಂಟರು ಒಟ್ಟಿಗೆ ಕಟ್ಟಿದ್ದರು. ಫೋಟೋ ಫ್ರೇಮಿನ ಅಂಗಡಿಯವನು ಚೌಕಟ್ಟು ಚಂದ ಕಾಣಲಿ ಎಂದು ಒಳಗೆ ಬಂಗಾರದ ಹೂವಿನ ಕಾಗದದ ಅಂಚು ಕೂರಿಸಿದ. ಆ ಅಂಚು ಸಿಂಹದ ಮುದ್ರೆಯನ್ನು ಬಿಟ್ಟು, ಕಾಕಾನ ಹೆಸರನ್ನು ಬಿಟ್ಟು, ಇಪ್ಪತ್ತು ವರ್ಷ ಎಂಬ ಮಾತನ್ನು ಬಿಟ್ಟು, ತಳದ ಆ ಒಂದು ಸಾಲನ್ನು ಮಾತ್ರ ಮುಚ್ಚಿತು. ಪ್ರೊಫೆಸರರು ಅಷ್ಟರಲ್ಲಿ ದೂರದ ಊರಿಗೆ ವರ್ಗವಾಗಿ ಹೋಗಿದ್ದರು. ಕಾಕಾನ ಲೆಕ್ಕದಲ್ಲಿ ಪೇಟೆಂಟ್ ಅಂದರೆ ಹೊಲದ ಉತಾರ, ಅಂದರೆ ಪಹಣಿ, ಇದ್ದ ಹಾಗೆ. ಒಮ್ಮೆ ಹೆಸರು ಏರಿತೋ ಏರಿತು.

ಆ ಕಾಗದಕ್ಕೆ ಶಕ್ತಿ ಇರಲಿಲ್ಲವೆಂದಲ್ಲ. ಅದೇ ವರ್ಷ ರಾಣೆಬೆನ್ನೂರಿನ ಒಬ್ಬ ಫ್ಯಾಬ್ರಿಕೇಟರು ಕಾಕಾನ ಪ್ರೆಸ್ಸನ್ನು ನೋಡಿ ಹಾಗೆಯೇ ಒಂದು ಮಾಡಿ ಮಾರಿದ. ವಕೀಲರ ಒಂದು ನೋಟಿಸಿಗೆ ಹೆದರಿ ಕೈಬಿಟ್ಟ. ಕಾಕಾನ ಸಂಸಾರ ನಡೆಯುತ್ತಿದ್ದುದು ಆ ಪ್ರೆಸ್ಸಿನಿಂದ, ಅವರ ಹೆಸರು ನಿಂತಿದ್ದೂ ಅದರಿಂದಲೇ. ಬ್ಯಾಡಗಿಯ ದಲಾಲರು ಅದನ್ನು ಕಂಪನಿ ಹೆಸರಿನಿಂದ ಕರೆಯುತ್ತಿರಲಿಲ್ಲ, ಮೇಸ್ತ್ರಿ ಪ್ರೆಸ್ಸು ಎನ್ನುತ್ತಿದ್ದರು.

ಸರ್ಟಿಫಿಕೇಟು ಬಂದ ಕೆಲವು ತಿಂಗಳಿಗೆ ನಾನು ಹಾವೇರಿಯಲ್ಲಿ, ಕರ್ಜಗಿ ರಸ್ತೆಗೆ, ನನ್ನದೇ ಒಂದು ಶೆಡ್ಡು ಹಾಕಿದೆ. ಕಾಕಾ ಬೇಡ ಅನ್ನಲಿಲ್ಲ. ತಮ್ಮ ಹಳೆಯ ಡ್ರಿಲ್ಲಿಂಗ್ ಮಷೀನನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ತಾವೇ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿ ಹೋದರು.

ಏನು ಮಾಡಿ ಮಾರಬೇಕು ಎಂಬುದೇ ನನ್ನ ಚಿಂತೆ. ಗೇಟು, ಕಿಟಕಿ ಗ್ರಿಲ್ಲು ಎಲ್ಲರೂ ಮಾಡುತ್ತಾರೆ. ಭಾನುವಾರ ಬಸ್ಸು ಹತ್ತಿ ರಾಣೆಬೆನ್ನೂರಿನ ಒಂದು ಸೈಬರ್ ಕೆಫೆಗೆ ಹೋಗುತ್ತಿದ್ದೆ. ಹಾವೇರಿಯಲ್ಲೂ ಇದ್ದವು, ಆದರೆ ಅಲ್ಲಿ ಗುರುತಿನವರು ಹೆಗಲ ಮೇಲಿಂದ ಇಣುಕುತ್ತಾರೆ. ಅಮೆರಿಕದ ಹಳೆಯ ಪೇಟೆಂಟುಗಳೆಲ್ಲ ಅಲ್ಲಿ ಪುಕ್ಕಟೆ ಓದಲು ಸಿಗುತ್ತಿದ್ದವು. ಗೋವಿನಜೋಳ ಬಿಡಿಸುವುದು, ಬೀಜ ಸೋಸುವುದು, ಚೀಲ ಹೊಲಿಯುವುದು, ಏನು ಬೇಕು ಹೇಳಿ, ಯಾರೋ ಸತ್ತುಹೋದ ರೈತ ಅದನ್ನು ಯೋಚಿಸಿ ಬರೆದಿಟ್ಟಿರುತ್ತಿದ್ದ. ನನಗೆ ಹುಚ್ಚು ಹಿಡಿಯಿತು.

ಆದರೆ ಅದರಲ್ಲೂ ಕಲಿಯಬೇಕಿತ್ತು. ಮೊದಲು ಮಾಡಿದ ಜೋಳ ಬಿಡಿಸುವ ಯಂತ್ರ ತೆನೆಯನ್ನು ಅಗಿದು ಉಗುಳಿತು. ಪೇಟೆಂಟಿನ ಚಿತ್ರಕ್ಕೆ ಅಳತೆ ಇರುವುದಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುತ್ತದೆ, ಎಷ್ಟು ಇಂಚು ಎಂದು ಹೇಳುವುದಿಲ್ಲ. ನಾನು ಪರದೆಯ ಮೇಲೆ ಸ್ಕೇಲು ಇಟ್ಟು ಅಳೆದಿದ್ದೆ, ದಡ್ಡ. ನಮ್ಮ ತೆನೆಗೆ ತಕ್ಕ ಹಾಗೆ ಮತ್ತೆ ಮತ್ತೆ ಹಲ್ಲು ಬದಲಿಸಿದ ಮೇಲೆ ಸರಿಹೋಯಿತು. ಹಳೆಯದು ಮುಗಿದಿದ್ದರೂ ಅದರ ಸುಧಾರಣೆಗೆ ಯಾರಾದರೂ ಹೊಸ ಪೇಟೆಂಟ್ ಪಡೆದಿರಬಹುದು, ಆ ಸುಧಾರಣೆಯನ್ನು ಮುಟ್ಟಬಾರದು ಎಂದು ತಿಳಿದೆ. ಪರದೇಶದಲ್ಲಿ ಜೀವಂತವಾಗಿರುವ ಪೇಟೆಂಟ್ ಕೂಡ ಇಲ್ಲಿ ಪಡೆದಿಲ್ಲವೆಂದರೆ ಇಲ್ಲಿ ಮಾಡಿ ಇಲ್ಲೇ ಮಾರಲು ಅಡ್ಡಿಯಿಲ್ಲ ಎಂದೂ ತಿಳಿದೆ. ಇನ್ನೊಂದು ಸಂಗತಿಯನ್ನೂ ಆಗಲೇ ಓದಿಕೊಂಡೆ. ಎಷ್ಟೋ ಪೇಟೆಂಟುಗಳು ಇಪ್ಪತ್ತು ವರ್ಷ ಬದುಕುವುದೇ ಇಲ್ಲ. ವರ್ಷದ ಶುಲ್ಕ ಕಟ್ಟದೆ ನಡುವೆಯೇ ಸಾಯುತ್ತವೆ. ಹಾಗೆ ಸತ್ತದ್ದನ್ನು ಮಾಲೀಕ ಹದಿನೆಂಟು ತಿಂಗಳೊಳಗೆ ಅರ್ಜಿ ಹಾಕಿ, ಉದ್ದೇಶಪೂರ್ವಕವಾಗಿ ಬಿಟ್ಟದ್ದಲ್ಲ ಎಂದು ತೋರಿಸಿ ಮತ್ತೆ ಬದುಕಿಸಿಕೊಳ್ಳಬಹುದು. ಆಮೇಲೆ ಇಲ್ಲ.

ಆ ವರ್ಷ ಖಂಡೇನವಮಿಯ ಆಯುಧಪೂಜೆಗೆ ಬ್ಯಾಡಗಿಗೆ ಹೋದೆ. ಕಾಕಾನ ಶೆಡ್ಡಿನಲ್ಲಿ ಯಂತ್ರಗಳಿಗೆಲ್ಲ ಚೆಂಡುಹೂವು, ನಡುವೆ ಮಣೆಯ ಮೇಲೆ ಸರ್ಟಿಫಿಕೇಟಿನ ಚೌಕಟ್ಟು. ಗಾಜಿಗೆ ಕುಂಕುಮ ಹಚ್ಚಿದ್ದರು. ಅದರ ಮುಂದೆ, ತೆಂಗಿನಕಾಯಿಯ ಪಕ್ಕ, ಚೆನ್ನೈನಿಂದ ಬಂದ ಒಂದು ಲಕೋಟೆ. ಒಡೆದಿರಲಿಲ್ಲ. ಅದಕ್ಕೂ ಕುಂಕುಮ.

"ನೀ ಬರ್ತಿ ಅಂತ ಇಟ್ಟಿದ್ದೆ ನೋಡು," ಕಾಕಾ ಅಂದರು. "ಪೂಜಿ ಆಗೇತಿ. ಒಡದು ಓದು, ಏನ್ ಬರದಾರ?"

ಒಡೆದು ಓದಿದೆ. ಡಿಸೆಂಬರಿನಲ್ಲಿ ಇಂಥ ದಿನದೊಳಗೆ ಶುಲ್ಕ ಕಟ್ಟಬೇಕು, ಇಲ್ಲದಿದ್ದರೆ ಪೇಟೆಂಟ್ ನಿಂತುಹೋಗುತ್ತದೆ, ತಕ್ಷಣ ತಿಳಿಸಿ ಎಂದು ಏಜೆಂಟರು ಬರೆದಿದ್ದರು. ಮೂರೇ ಸಾಲು. ಓದುವಾಗ ಮೋಸದ ಯೋಚನೆ ಇನ್ನೂ ಹುಟ್ಟಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ತಲೆ ಎತ್ತಿದಾಗ ಕಾಕಾ ಬಂದವರೊಬ್ಬರಿಗೆ ಚೌಕಟ್ಟು ತೋರಿಸಿ, ಎಲ್ಲಾ ನಾನೇ ಮಾಡಿದ್ದು ಎಂದು ಹೇಳುತ್ತಿದ್ದರು. ಆಗ ಹುಟ್ಟಿತು.

"ಏನಿಲ್ಲ ಕಾಕಾ," ಅಂದೆ. "ಹಬ್ಬದ ಶುಭಾಶಯ ಬರದಾರ."

ಕಾಕಾನ ಮುಖ ಅರಳಿತು. ಒಳಗೆ ಇಣುಕಿ ಹೆಂಡತಿಯನ್ನು ಕೂಗಿದರು. "ಏ, ಕೇಳಿದೇನು? ಚೆನ್ನೈದಾಗ ಕುಂತು ನಮ್ಮ ನೆನಪಿಟ್ಟಾರ. ದೊಡ್ಡ ಮಂದಿ ಅಂದ್ರ ಹಿಂಗಿರ್ತಾರ." ಕಾಕು ಹೊರಗೆ ಬಂದು ನನ್ನ ಎಲೆಗೆ ಎರಡನೆಯ ಸಲ ಹೋಳಿಗೆ ಹಾಕಿದಳು. ತಿಂದೆ. ರುಚಿಯಾಗಿತ್ತು.

ಡಿಸೆಂಬರು ಕಳೆಯಿತು. ಹೆಚ್ಚಿನ ದಂಡ ಕಟ್ಟಿ ಉಳಿಸಿಕೊಳ್ಳುವ ಆರು ತಿಂಗಳೂ ಕಳೆಯಿತು. ಆ ನಡುವೆ ನಾನು ಇನ್ನೊಂದು ಬಗೆಯ ವಿನ್ಯಾಸ ಹುಡುಕಿಕೊಂಡಿದ್ದೆ. ಪರದೇಶದ ಕೆಲವು ಸ್ವಯಂಸೇವಕರು ಕೈಯಿಂದ ತಿರುವುವ ಒಂದು ಶೇಂಗಾ ಸುಲಿಯುವ ಯಂತ್ರದ ನಕ್ಷೆಯನ್ನು, ಅಳತೆ ಸಮೇತ, ವೆಬ್ಬಿನಲ್ಲಿ ಬಿಟ್ಟಿದ್ದರು. ಶಂಕುವಿನಾಕಾರದ ಗೂಡು, ಒಳಗೆ ಅದೇ ಆಕಾರದ ತಿರುಗುವ ದಿಂಡು. ಕೆಳಗೆ ಬಂದಂತೆ ಸಂದು ಕಿರಿದಾಗಿ ಸಿಪ್ಪೆ ಒಡೆಯುತ್ತದೆ. ಯಾರು ಬೇಕಾದರೂ ಮಾಡಿ ಮಾರಬಹುದು. ಷರತ್ತು ಎರಡೇ. ಮೂಲ ಯಾರದೆಂದು ಯಂತ್ರದ ಮೇಲೆ ಬರೆಯಬೇಕು, ನೀವು ಏನಾದರೂ ಬದಲಿಸಿದರೆ ಅದನ್ನೂ ಹೀಗೆಯೇ ಎಲ್ಲರಿಗೂ ಬಿಡಬೇಕು. ನಮ್ಮ ಶೇಂಗಾ ಕಾಳು ಸಣ್ಣದು. ನಾನು ಸಂದು ಹೊಂದಿಸುವ ಬೋಲ್ಟಿನ ಜಾಗ ಬದಲಿಸಿ, ಆ ನಕ್ಷೆಯನ್ನು ಅವರಿಗೆ ಮೇಲ್ ಮಾಡಿದೆ. ಹಿತ್ತಾಳೆ ಪಟ್ಟಿಯಲ್ಲಿ ಅವರ ಹೆಸರು ಕೊರೆಸಿ ಪ್ರತಿ ಯಂತ್ರಕ್ಕೂ ಬಡಿದೆ. ಅವರು ಬಹಳ ಒಳ್ಳೆಯ ಮಾತಿನಲ್ಲಿ ಉತ್ತರ ಬರೆದರು. ನಾನು ಎಷ್ಟು ಪ್ರಾಮಾಣಿಕ ಎಂದು ನನಗೇ ಹೆಮ್ಮೆಯಾಯಿತು.

ಮರುವರ್ಷದ ಖಂಡೇನವಮಿಗೂ ಬ್ಯಾಡಗಿಗೆ ಹೋದೆ. ದಂಡದ ಅವಧಿ ಮುಗಿದರೆ ಡಿಸೆಂಬರಿನಿಂದಲೇ ಎಣಿಸುತ್ತಾರೆ, ಹಾಗಾಗಿ ಪೇಟೆಂಟ್ ಸತ್ತು ಹತ್ತು ತಿಂಗಳಾಗಿತ್ತು, ಇನ್ನೂ ಎಂಟು ಉಳಿದಿದ್ದವು. ಒಂದು ಮಾತು ಸಾಕಿತ್ತು. ಚೌಕಟ್ಟಿನ ಮುಂದೆ ಈ ಸಲ ಎರಡು ಲಕೋಟೆ, ಎರಡಕ್ಕೂ ಕುಂಕುಮ. ಕಾಕಾ ಓದು ಎಂದು ಕೂಡ ಅನ್ನಲಿಲ್ಲ. "ಮತ್ತ ಶುಭಾಶಯ ಬಂದಾವ," ಎಂದು ಅವರೇ ಹೇಳಿ ನಕ್ಕರು. ನಾನೂ ನಕ್ಕೆ.

ಮುಂದಿನ ಜೂನ್ ಮುಗಿಯುವವರೆಗೆ ಶೆಡ್ಡಿನ ಕ್ಯಾಲೆಂಡರಿನಲ್ಲಿ ತಿಂಗಳು ಹರಿಯುತ್ತ ಕೂತೆ. ಆಮೇಲೂ ಅವಸರ ಮಾಡಲಿಲ್ಲ. ಇಂಥ ನಂಬರಿನ ಪೇಟೆಂಟಿನ ಶುಲ್ಕ ಕಟ್ಟಿದ್ದಾರೆಯೇ, ಮತ್ತೆ ಜೀವ ಕೊಡಿಸಲು ಅರ್ಜಿ ಬಂದಿದೆಯೇ ಎಂದು ಚೆನ್ನೈ ಕಚೇರಿಗೆ ವಿಧಿವತ್ತಾಗಿ ಬರೆದು ಕೇಳಿದೆ. ಯಾರು ಬೇಕಾದರೂ ಹಾಗೆ ಕೇಳಬಹುದು. ಹಕ್ಕು ನಿಂತುಹೋಗಿದೆ, ಅರ್ಜಿ ಬಂದಿಲ್ಲ ಎಂದು ಉತ್ತರ ಬಂತು. ಮಳೆಗಾಲದಲ್ಲಿ ಪ್ರೆಸ್ಸುಗಳನ್ನು ಕಟ್ಟಿದೆ. ಚಿತ್ರ ನನ್ನವೇ ಅಲ್ಲವೇ, ಈ ಸಲ ಅಳತೆಗೆ ಪರದಾಡಬೇಕಾಗಿರಲಿಲ್ಲ. ಮೇಸ್ತ್ರಿ ಪ್ರೆಸ್ಸು ಎಂಬ ಹೆಸರನ್ನು ಮಾತ್ರ ಮುಟ್ಟಲಿಲ್ಲ. ತುಂಡುಗಳ ತುದಿಗೆ ಕಾಕಾ ತಮ್ಮ ಗುರುತಿಗೆಂದು ಚಾಣದಿಂದ ಚುಚ್ಚುತ್ತಿದ್ದ ಸಣ್ಣ ಚುಕ್ಕೆಯನ್ನೂ ಹಾಕಲಿಲ್ಲ.

ಸುಗ್ಗಿ ಶುರುವಾದ ಕೂಡಲೇ ಬ್ಯಾಡಗಿಯ ದಲಾಲರು ನನ್ನ ಕಡೆ ತಿರುಗಿದರು. ಕಾಕಾ ಒಂದು ಪ್ರೆಸ್ಸಿಗೆ ತಿಂಗಳು ತೆಗೆದುಕೊಳ್ಳುತ್ತಿದ್ದರು, ನಾನು ವಾರದಲ್ಲಿ ಕೊಡುತ್ತಿದ್ದೆ. ಒಬ್ಬ ದಲಾಲ ಕಾಕಾನ ಶೆಡ್ಡಿನ ಮುಂದೆಯೇ ಗಾಡಿ ನಿಲ್ಲಿಸಿ, ನಿಮ್ಮ ಚೌಕಟ್ಟಿನ ಕಾಗದ ಈಗೇನು ಮಾಡ್ತೈತ್ರಿ ಮೇಸ್ತ್ರೀ, ಎಂದು ಕೇಳಿ ನಕ್ಕು ಹೋದನಂತೆ. ಅದನ್ನು ನನಗೆ ಹೇಳಿದವನೂ ನಗುತ್ತಲೇ ಹೇಳಿದ.

ಒಂದು ಮಧ್ಯಾಹ್ನ ಕಾಕಾ ನನ್ನ ಶೆಡ್ಡಿಗೆ ಬಂದರು. ಬಗಲಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಚೌಕಟ್ಟು. ಬ್ಯಾಡಗಿಯಿಂದ ಹಾವೇರಿವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಕುಂದ್ರಿ ಕಾಕಾ ಎಂದೆ. ಕೂರಲಿಲ್ಲ. ಚೌಕಟ್ಟನ್ನು ಡ್ರಿಲ್ಲಿಂಗ್ ಮಷೀನಿಗೆ, ಅವರೇ ಕೊಟ್ಟಿದ್ದಕ್ಕೆ, ಒರಗಿಸಿ ಜೇಬಿನಿಂದ ಮೊದಲ ವರ್ಷದ ಆ ಕಾಗದ ತೆಗೆದರು. ಕುಂಕುಮ ಇನ್ನೂ ಅಂಟಿತ್ತು.

"ವಕೀಲರ ಕಡೆ ಓದಿಸೇನಿ," ಅಂದರು. "ಈಗ ನೀ ಓದು. ನಿನ್ನ ಬಾಯಿಲೆ ಕೇಳಬೇಕು."

ನಾನು ಓದಿದೆ. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ, ಒಂದು ಮಾತೂ ಬಿಡದೆ. ಪರೀಕ್ಷೆಗೆ ಕೂತವನ ಹಾಗೆ ಓದಿದೆ. ನನ್ನ ಧ್ವನಿ ನಡುಗಲಿಲ್ಲ. ನಡುಗಿದ್ದರೆ ಅವರಿಗೆ ಸ್ವಲ್ಪವಾದರೂ ಸಮಾಧಾನವಾಗುತ್ತಿತ್ತೋ ಏನೋ.

"ಅವತ್ತ ನಿನಗ ತಿಳಿದಿತ್ತು."

"ತಿಳಿದಿತ್ರಿ."

"ಯಾಕ ಹೇಳ್ಲಿಲ್ಲ?"

ಪೇಢೆ ಹಂಚಿದ ದಿನದ ಮಾತು ಹೇಳಬೇಕಿತ್ತು. ಹೇಳಿದರೆ ಎಷ್ಟು ಸಣ್ಣದಾಗಿ ಕೇಳುತ್ತದೆ ಎಂದು ನಾಚಿಕೆಯಾಯಿತು. ಅದಕ್ಕೆ ಕಾನೂನು ಹೇಳಿದೆ. ಹದಿನೆಂಟು ತಿಂಗಳ ಕಲಮು ಹೇಳಿದೆ, ಚೆನ್ನೈ ಕಚೇರಿಯ ಉತ್ತರ ತೋರಿಸಿದೆ. ನೀವು ಕಾಗದ ಓದಿಸಿಕೊಳ್ಳದೆ ಪೂಜೆ ಮಾಡಿದ್ದು ನನ್ನ ತಪ್ಪೇ ಎಂದು ಕೂಡ ಕೇಳಿದೆ. ಈ ಮಾತು ಹೇಗೆ ನನ್ನ ಬಾಯಿಂದ ಬಂತು ಎಂದು ಇವತ್ತಿಗೂ ತಿಳಿಯದು. ಓದಲು ಕೊಟ್ಟಿದ್ದೇ ನನ್ನ ಕೈಗೆ.

ಕಾಕಾ ಪಕ್ಕದಲ್ಲಿದ್ದ ಶೇಂಗಾ ಯಂತ್ರದ ಹಿತ್ತಾಳೆ ಪಟ್ಟಿಯ ಮೇಲೆ ಬೆರಳಾಡಿಸಿದರು.

"ಇದೇನು ಬರದೀದಿ?"

"ನಕ್ಷೆ ಮಾಡಿದವರ ಹೆಸರ್ರಿ. ಪರದೇಶದವರು."

"ನೋಡೀಯೇನ್ ಅವರನ್ನ?"

"ಇಲ್ರಿ."

"ನೋಡದವರ ಹೆಸರು ಹಾಕೀದಿ," ಅಂದರು. ದನಿ ಏರಲಿಲ್ಲ. "ರೊಕ್ಕ ಬ್ಯಾಡಪಾ ನನಗ. ಮಾಡಿ ಮಾರ್ಕೋ ಹೋಗು. ನನ್ನ ಪ್ರೆಸ್ಸಿನ ಮ್ಯಾಲ ಇಂಥಾದ ಒಂದು ಪಟ್ಟಿ ಬಡಿ. ಬ್ಯಾಡಗಿ ಮೇಸ್ತ್ರಿ ಮಾಡಿದ್ದು ಅಂತ. ಅಷ್ಟ ಸಾಕು."

ಹಿತ್ತಾಳೆಯ ಚೂರು ಆ ಶೆಡ್ಡಿನಲ್ಲಿ ಬೇಕಾದಷ್ಟು ಬಿದ್ದಿತ್ತು. ಕೊರೆಯಲು ಅರ್ಧ ತಾಸು ಹಿಡಿಯುತ್ತಿತ್ತು.

"ಅವರು ಷರತ್ತು ಹಾಕ್ಯಾರ ಕಾಕಾ," ಅಂದೆ. "ನಿಮ್ಮದಕ್ಕ ಅಂಥಾ ಷರತ್ತು ಇಲ್ಲ."

ಅವರು ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಚೌಕಟ್ಟನ್ನು ಗೋಣಿತಾಟಿನಲ್ಲಿ ಸುತ್ತಿದರು. ಹೊರಡುವಾಗ ಬಾಗಿಲ ಬಳಿ ನಿಂತಿದ್ದ ನನ್ನ ಹೊಸ ಪ್ರೆಸ್ಸಿನ ಮೇಲೆ, ಕಸುಬುದಾರನ ಕೈ ಅದು, ತಾನಾಗಿ ಬಿತ್ತು. ಹಿಡಿಕೆ ಒತ್ತಿ ನೋಡಿದರು. ಒಂದು ಕೀಲು ಕಿರ್ ಎಂದಿತು.

"ಕೀಲಿನ ಮೊಳಿ ಹಿಡ್ಯಾಕತ್ತಾವ," ಅಂದರು, ನನ್ನ ಮುಖ ನೋಡದೆ. "ನನ್ನವೂ ಹಿಡೀತಿದ್ವು. ಖಾರಪುಡಿ ಹೊಕ್ಕೋತೈತಿ. ಕೀಲು ತಗದು ಹಾಕು. ಗಿರಣಿ ಪಟ್ಟಾ ಕತ್ತರಿಸಿ, ತುಂಡಿಗೂ ಬಿಲ್ಲೆಗೂ ಬಿಗಿದ್ರ ಅದ ಬಾಗತೈತಿ. ಪುಡಿ ಕುಂದ್ರಾಕ ಜಾಗಾನ ಇರೂದಿಲ್ಲ. ಈ ಸುಗ್ಗಿಗೆ ಮಾಡಬೇಕು ಅಂತಿದ್ದೆ. ಯಾರಿಗೂ ಹೇಳಿಲ್ಲ."

ಹೇಳಿ ಹೋದರು. ಅಷ್ಟಾದ ಮೇಲೂ ಯಾಕೆ ಹೇಳಿದರೋ. ಕೆಟ್ಟ ಕೀಲನ್ನು ನೋಡಿ ಸುಮ್ಮನೆ ಹೋಗಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ ಇರಬೇಕು.

ಮರುದಿನವೇ ಗಿರಣಿಯ ಹಳೆಯ ರಬ್ಬರ್ ಪಟ್ಟಾ ತಂದು ಮಾಡಿ ನೋಡಿದೆ. ಬೆಣ್ಣೆಯ ಹಾಗೆ ಕೆಲಸ ಮಾಡಿತು. ಒಂದನ್ನೂ ಮಾರಲಿಲ್ಲ, ಯಾರಿಗೂ ತೋರಿಸಲೂ ಇಲ್ಲ, ಯಾಕೆಂದರೆ ಅರ್ಜಿ ಹಾಕುವ ಮೊದಲೇ ಬಯಲಾದರೆ ಪೇಟೆಂಟ್ ಸಿಗುವುದಿಲ್ಲ. ಹದಿನೈದು ದಿನದಲ್ಲಿ ಚೆನ್ನೈಗೆ ಹೋಗಿ, ಬೇರೆ ಏಜೆಂಟರನ್ನು ಹಿಡಿದು, ಅರ್ಜಿ ತುಂಬಿದೆ. ಅದರಲ್ಲಿ ಇದನ್ನು ನಿಜವಾಗಿ ಮೊದಲು ಕಂಡುಹಿಡಿದವರು ಯಾರು ಎಂದು ಹೇಳಿ ಸಹಿ ಮಾಡಬೇಕು. ನನ್ನ ಹೆಸರು ಬರೆದು ಸಹಿ ಮಾಡಿದೆ. ನಾನು ಕಾನೂನನ್ನು ಮುರಿದದ್ದು ಅದೊಂದೇ ಸಲ, ಮತ್ತು ಅದನ್ನು ಗುರುತಿಸಬಲ್ಲವರು ಇಂಗ್ಲಿಷ್ ಓದುವುದಿಲ್ಲ.

ಕಾಕಾನ ಶೆಡ್ಡು ಎರಡು ಸುಗ್ಗಿ ನಡೆದು ಮುಚ್ಚಿತು. ಅವರು ಆಮೇಲೆ ಇನ್ನೊಬ್ಬರ ಗ್ಯಾರೇಜಿನಲ್ಲಿ ಟ್ರೇಲರ್ ರಿಪೇರಿಗೆ ನಿಂತರು. ಬ್ಯಾಡಗಿಗೆ ಪ್ರೆಸ್ಸು ಇಳಿಸಲು ಹೋದಾಗ ದೂರದಿಂದ ಕಾಣುತ್ತಿದ್ದರು. ನಾನು ಇಳಿಸಿ ಬರುವ ತನಕ ಅವರು ತಲೆ ಎತ್ತುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ನನ್ನ ಸರ್ಟಿಫಿಕೇಟು ಬಂತು. ಅದೇ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿದೆ. ತಳದ ಸಾಲು ಮುಚ್ಚಬಾರದು ಎಂದು ಎದುರಿಗೆ ನಿಂತು ಮಾಡಿಸಿದೆ. ಮುಚ್ಚಲಿಲ್ಲ, ಶುಲ್ಕದ ಆ ಸಾಲು ಕಾಣುತ್ತದೆ, ಏಜೆಂಟರ ಕಾಗದ ಬಂದ ದಿನವೇ ಒಡೆದು ಓದಿ ಕಟ್ಟುತ್ತೇನೆ. ಮೇಲಿನ ಸಾಲಿನಲ್ಲಿ ನನ್ನ ಹೆಸರೂ ಕಾಣುತ್ತದೆ. ಅದನ್ನು ಶೆಡ್ಡಿನ ಆಫೀಸಿನಲ್ಲಿ ನೇತುಹಾಕಿ, ನನ್ನ ಕುರ್ಚಿಯನ್ನು ಅದಕ್ಕೆ ಬೆನ್ನಾಗುವಂತೆ ಹಾಕಿಸಿಕೊಂಡಿದ್ದೇನೆ. ಬಂದವರು ಓದುತ್ತಾರೆ, ನಾನು ಓದುವುದಿಲ್ಲ.